ಅಂಚಿಗೆ ನುಗ್ಗಿದ ಮೊಣಕೈಗೆ ಕ್ರಾಪ್ ಮದ್ದು

ಮದುವೆಯ ಧಾರೆ ಫೋಟೊಗಳಲ್ಲಿ ಅಂಚಿನಿಂದ ಒಳನುಗ್ಗಿದ ಕೈ ಅಥವಾ ಮೊಣಕೈ ಆಗಾಗ ಕಾಣಿಸುತ್ತದೆ. ಅದು ಅಕ್ಷತೆ ಹಾಕುವವರದ್ದಿರಬಹುದು, ಮೊಬೈಲ್ ಎತ್ತಿ ಹಿಡಿದವರದ್ದಿರಬಹುದು. ಮೈಯೆಲ್ಲ ಚೌಕಟ್ಟಿನ ಹೊರಗಿದ್ದು ಒಂದು ತುಂಡು ಮಾತ್ರ ಒಳಗೆ ಉಳಿದಿರುವುದರಿಂದ ನೋಡುವವರ ಕಣ್ಣು ವಧೂವರರನ್ನು ಬಿಟ್ಟು ಅತ್ತ ಹರಿಯುತ್ತದೆ.

ಅದನ್ನು ಎಡಿಟಿಂಗ್‌ನಲ್ಲಿ ಅಳಿಸಿದರೆ ಆ ಜಾಗಕ್ಕೆ ಏನನ್ನಾದರೂ ತುಂಬಲೇಬೇಕು. ಮೊಣಕೈಯ ಹಿಂದೆ ಏನಿತ್ತೆಂಬುದು ಕ್ಯಾಮೆರಾದಲ್ಲಿ ದಾಖಲಾಗಿಲ್ಲ. ತಂತ್ರಾಂಶ ಅಕ್ಕಪಕ್ಕದ ಭಾಗವನ್ನು ತಂದು ಮೆತ್ತುತ್ತದೆ. ಮಂಟಪದ ಹೂಮಾಲೆ ಎರಡು ಕಡೆ ಒಂದೇ ತೆರನಾಗಿ ಕಂಡರೆ, ಸೀರೆಯ ಜರಿಯಂಚು ನಡುವೆ ಸೊಟ್ಟಗಾದರೆ ಗುಟ್ಟು ರಟ್ಟಾಗುತ್ತದೆ. ಕ್ರಾಪ್ ಮಾಡಿದಾಗ ಚಿತ್ರಕ್ಕೆ ಹೊಸದೇನೂ ಸೇರುವುದಿಲ್ಲ, ಅಂಚು ಒಳಕ್ಕೆ ಸರಿಯುತ್ತದೆ ಅಷ್ಟೆ.

ಸುದ್ದಿಚಿತ್ರಗಳಲ್ಲಿ ಈ ವ್ಯತ್ಯಾಸ ಇನ್ನೂ ಗಂಭೀರ. 2010ರ ವರ್ಲ್ಡ್ ಪ್ರೆಸ್ ಫೋಟೊ ಸ್ಪರ್ಧೆಯಲ್ಲಿ, ಕೀವ್‌ನ ಬೀದಿ ಕಾಳಗವನ್ನು ಕುರಿತ ಸ್ಟೆಪಾನ್ ರೂದಿಕ್ ಅವರ ಚಿತ್ರಸರಣಿಗೆ ಬಂದಿದ್ದ ಬಹುಮಾನವನ್ನು ಹಿಂತೆಗೆದುಕೊಳ್ಳಲಾಯಿತು. ಬ್ಯಾಂಡೇಜ್ ಸುತ್ತಿಸಿಕೊಳ್ಳುತ್ತಿದ್ದ ಕೈಯೊಂದರ ಚಿತ್ರದಲ್ಲಿ, ಹಿನ್ನೆಲೆಯಲ್ಲಿದ್ದ ಇನ್ನೊಬ್ಬರ ಪಾದದ ತುಣುಕನ್ನು ಅವರು ಅಳಿಸಿದ್ದರು. ಮೂಲಚಿತ್ರದ ಬಹುಭಾಗವನ್ನು ಅವರು ಕ್ರಾಪ್ ಮಾಡಿಯೂ ಇದ್ದರು, ಆದರೆ ಅನರ್ಹತೆಗೆ ಕಾರಣವಾದದ್ದು ಅಳಿಸಿದ ಆ ಸಣ್ಣ ತುಣುಕು.

ಕ್ರಾಪ್‌ನಿಂದ ಆಗುವ ನಷ್ಟವನ್ನು ಲೆಕ್ಕಹಾಕಿ ನೋಡಬಹುದು. 24 ಮೆಗಾಪಿಕ್ಸೆಲ್ ಕ್ಯಾಮೆರಾದ ಚಿತ್ರ 6000 ಪಿಕ್ಸೆಲ್ ಅಗಲ, 4000 ಪಿಕ್ಸೆಲ್ ಎತ್ತರ ಇರುತ್ತದೆ ಎಂದುಕೊಳ್ಳೋಣ. ಬಲ ಅಂಚಿನಿಂದ ಮೊಣಕೈ 410 ಪಿಕ್ಸೆಲ್ ಒಳಗೆ ಬಂದಿದೆ. ತೋಳಿನ ಮಸುಕಾದ ಅಂಚೂ ಹೋಗಲೆಂದು 450 ಪಿಕ್ಸೆಲ್ ಕತ್ತರಿಸಿದರೆ ಅಗಲ 5550 ಆಗುತ್ತದೆ. 3:2 ಅನುಪಾತ ಉಳಿಯಬೇಕಾದರೆ ಎತ್ತರವನ್ನು 3700ಕ್ಕೆ ಇಳಿಸಬೇಕು, ಅಂದರೆ ಇನ್ನು 300 ಪಿಕ್ಸೆಲ್ ಹೋಗಬೇಕು. ವಧೂವರರ ತಲೆಯ ಮೇಲೆ ಖಾಲಿ ಜಾಗವಿದ್ದರೆ ಅದನ್ನು ಅಲ್ಲೇ ತೆಗೆಯುವುದು ಒಳ್ಳೆಯದು. ಇಂಚಿಗೆ 300 ಪಿಕ್ಸೆಲ್‌ನಂತೆ 12×18 ಇಂಚಿನ ಪ್ರಿಂಟ್‌ಗೆ 5400×3600 ಸಾಕು. ಮೊಣಕೈ ಹೋದರೂ ದೊಡ್ಡ ಪ್ರಿಂಟ್‌ಗೆ ಕೊರತೆಯಾಗುವುದಿಲ್ಲ.

ಎಚ್ಚರ ಬೇಕಾದದ್ದು ಹೊಸ ಅಂಚು ಎಲ್ಲಿ ಬೀಳುತ್ತದೆ ಎಂಬಲ್ಲಿ. ಪಕ್ಕದಲ್ಲಿ ನಿಂತ ಸೋದರಮಾವನ ಮಣಿಕಟ್ಟಿನಲ್ಲೋ ಮೊಣಕೈ ಕೀಲಿನಲ್ಲೋ ಗೆರೆ ಬಿದ್ದರೆ ಕೈ ತುಂಡಾದಂತೆ ಕಾಣುತ್ತದೆ. ತೋಳಿನ ನಡುಭಾಗದಲ್ಲಿ ಬಿದ್ದರೆ ಅಷ್ಟು ಕಣ್ಣಿಗೆ ಹೊಡೆಯುವುದಿಲ್ಲ. ಬಳೆಯ ಮಿಂಚು, ನೆಲದ ಮೇಲಿನ ತೋಳಿನ ನೆರಳು ಹಾಗೇ ಉಳಿದಿವೆಯೇ ಎಂದು ಚಿತ್ರವನ್ನು ನೂರು ಪ್ರತಿಶತಕ್ಕೆ ಹಿಗ್ಗಿಸಿ ಅಂಚಿನುದ್ದಕ್ಕೂ ನೋಡಬೇಕು.

ಅಕ್ಷತೆ ಹಾಕುವ ಕೈ ವಧುವಿನ ಮುಖದ ಮುಂದೆಯೇ ಬಂದಿದ್ದರೆ ಕ್ರಾಪ್‌ನಿಂದ ಪ್ರಯೋಜನವಿಲ್ಲ. ಅದೇ ಕ್ಷಣದ ಹಿಂದುಮುಂದಿನ ಫೋಟೊಗಳಲ್ಲಿ ಕೈ ಸರಿದಿರುವುದನ್ನು ಆರಿಸಿಕೊಳ್ಳಬೇಕಾಗುತ್ತದೆ.