ಒಂದು ಕೊಡ ಬಿಚ್ಚಿಟ್ಟು ನೋಡಿ

ಬಾವಿಯ ರಾಟೆಯ ಮೇಲೆ ಹಗ್ಗ, ಹಗ್ಗದ ಎರಡು ತುದಿಗೆ ಎರಡು ಕೊಡ. ಒಂದು ತುಂಬಿದ್ದು, ಇನ್ನೊಂದು ಅರ್ಧ. ಕೈಬಿಟ್ಟರೆ ಭಾರದ್ದು ಇಳಿಯುತ್ತದೆ, ಹಗುರದ್ದು ಏರುತ್ತದೆ. ಪಿಯುಸಿ ಹುಡುಗರು ಇದನ್ನು ಅಟ್‌ವುಡ್ ಯಂತ್ರ ಎಂದು ಕಲಿಯುತ್ತಾರೆ; 18ನೇ ಶತಮಾನದ ಇಂಗ್ಲೆಂಡಿನ ಜಾರ್ಜ್ ಅಟ್‌ವುಡ್‌ ಹೆಸರು ಅದಕ್ಕೆ. ಹಗ್ಗ, ರಾಟೆಗಳಿಗೆ ತೂಕವಿಲ್ಲ, ಘರ್ಷಣೆಯೂ ಇಲ್ಲ ಎಂದಿಟ್ಟುಕೊಂಡು ಹಗ್ಗದ ಬಿಗಿತ T ಕಂಡುಹಿಡಿಯಬೇಕು.

ಭಾರದ ಕೊಡದ ದ್ರವ್ಯರಾಶಿ M, ಹಗುರದ್ದು m. ಪರೀಕ್ಷೆಯಲ್ಲಿ ನನಗೆ ಬಂದ ಉತ್ತರ ಹೀಗಿತ್ತು:

T = 2M²g/(M + m)

ನೋಡಲು ಲಕ್ಷಣವಾಗಿದೆ. ಏಕಮಾನವೂ ಸರಿ. ಎರಡು ಕೊಡ ಸಮವಾದರೆ T = Mg ಬರುತ್ತದೆ; ಅಲುಗಾಡದ ಕೊಡವನ್ನು ಹಿಡಿದಿಡಲು ಅಷ್ಟೇ ಬೇಕು. ನಾನು ಅಲ್ಲಿಗೇ ಖುಷಿಪಟ್ಟು ಮುಂದೆ ಹೋದೆ. ಇನ್ನೊಂದು ಹೆಜ್ಜೆ ಇಡಬೇಕಿತ್ತು: ಹಗುರ ಕೊಡವನ್ನು ಬಿಚ್ಚಿಟ್ಟು, ಅಂದರೆ m = 0 ಮಾಡಿ ನೋಡಬೇಕಿತ್ತು. ಆಗ ನನ್ನ ಸೂತ್ರ T = 2Mg ಎನ್ನುತ್ತದೆ. ಆಚೆ ತುದಿಯಲ್ಲಿ ಏನೂ ಇಲ್ಲದ ಹಗ್ಗ ಕೊಡದ ಎರಡರಷ್ಟು ತೂಕ ಹೊರುವುದುಂಟೇ? ಹಗ್ಗ ಸಡಿಲವಾಗಿ ಕೊಡ ದೊಪ್ಪನೆ ಬೀಳಬೇಕು, T ಸೊನ್ನೆಯಾಗಬೇಕು.

ತಪ್ಪು ಎಲ್ಲಿತ್ತು? ವೇಗೋತ್ಕರ್ಷ a = (M − m)g/(M + m) ಎಂಬುದು ಸರಿಯಾಗಿಯೇ ಬಂದಿತ್ತು. ಇಳಿಯುವ ಕೊಡಕ್ಕೆ T = M(g − a) ಎಂದು ಬರೆಯುವಲ್ಲಿ M(g + a) ಬರೆದಿದ್ದೆ. ಸಮ ಕೊಡಗಳಲ್ಲಿ a ಸೊನ್ನೆ, ಹಾಗಾಗಿ ಆ ತಪಾಸಣೆಗೆ ಚಿಹ್ನೆಯ ತಪ್ಪು ಕಾಣುವುದೇ ಇಲ್ಲ. ತಿದ್ದಿದರೆ T = 2Mmg/(M + m).

ಇದನ್ನು ಇನ್ನೊಂದು ತುದಿಗೂ ಒಯ್ಯಬಹುದು. M ಬೆಟ್ಟದಷ್ಟಾಗಲಿ. ಛೇದದಲ್ಲಿ m ಲೆಕ್ಕಕ್ಕೇ ಬರುವುದಿಲ್ಲ, T = 2mg ಉಳಿಯುತ್ತದೆ. ಎರಡು ಯಾಕೆ ಎಂದು ಅನುಮಾನ ಬಂದರೆ ಒಳ್ಳೆಯದೇ. ಬೆಟ್ಟ ಹೆಚ್ಚುಕಡಿಮೆ g ವೇಗೋತ್ಕರ್ಷದಲ್ಲಿ ಬೀಳುತ್ತದೆ, ಪುಟ್ಟ ಕೊಡವೂ ಅಷ್ಟೇ ರಭಸದಲ್ಲಿ ಮೇಲೇರುತ್ತದೆ. ಅದರ ತೂಕ ಹೊರಲು ಒಂದು mg, ಮೇಲಕ್ಕೆ ಎಳೆಯಲು ಇನ್ನೊಂದು mg.

ಆದರೆ ಈ ಜರಡಿಯಿಂದಲೂ ನುಸುಳುವ ತಪ್ಪುಗಳಿವೆ. ಯಾರಾದರೂ a = (M² − m²)g/(M² + m²) ಎಂದು ಬರೆದರೆ ಸಮ ಕೊಡಗಳಿಗೆ ಸೊನ್ನೆ, ಬಿಚ್ಚಿಟ್ಟರೆ g, ಕೊಡ ಅದಲುಬದಲಾದರೆ ಚಿಹ್ನೆ ಬದಲು; ಎಲ್ಲವೂ ಪಾಸು! ಇಂಥದ್ದಕ್ಕೆ ನಡುವಿನ ಅಂಕಿ ಬೇಕು. M = 3, m = 1 ಇಟ್ಟು ಮೂಲ ಸಮೀಕರಣಕ್ಕೆ ಮರಳಿ: ಎಳೆಯುವ ಬಲ 2g, ಸಾಗಬೇಕಾದ ದ್ರವ್ಯರಾಶಿ 4, ಅಂದರೆ a = g/2. ವರ್ಗದ ಸೂತ್ರ ಕೊಡುವುದು 0.8g.