ಡ್ರಾಯಿಂಗ್ ಬದಲಾದಾಗ ಪರಿಷ್ಕೃತ ಕೊಟೇಷನ್ ಪತ್ರ

ಪೀಣ್ಯದಂತಹ ಕೈಗಾರಿಕಾ ವಸಾಹತುವಿನ ಸಣ್ಣ ವರ್ಕ್‌ಶಾಪ್‌ಗಳಿಗೆ ಪರಿಷ್ಕೃತ ಡ್ರಾಯಿಂಗ್ ಬರುವುದು ಸಾಮಾನ್ಯ. ದರ ಏರಿಕೆಯ ಪತ್ರ ಬರೆಯಲು ಮಾಲೀಕರು ಹಿಂಜರಿಯುವುದೂ ಅಷ್ಟೇ ಸಾಮಾನ್ಯ. ‘ಕಚ್ಚಾಮಾಲಿನ ಬೆಲೆ ಏರಿದೆ, ದಯವಿಟ್ಟು ಸಹಕರಿಸಿ’ ಎಂಬ ಒಕ್ಕಣೆಯಾದರೆ ಖರೀದಿ ವಿಭಾಗವು ಅದನ್ನು ಚೌಕಾಸಿಯೆಂದೇ ಭಾವಿಸುತ್ತದೆ.

ಒಂದು ಉದಾಹರಣೆಯನ್ನು ಗಮನಿಸಬಹುದು. 25 ಮಿ.ಮೀ. ವ್ಯಾಸದ 500 ಉಕ್ಕಿನ ಶಾಫ್ಟ್‌ಗಳಿಗೆ ತಲಾ 180 ರೂಪಾಯಿ ದರ ಒಪ್ಪಿಗೆಯಾಗಿತ್ತು. 120 ಶಾಫ್ಟ್‌ಗಳು ಸಿದ್ಧವಾದ ಬಳಿಕ ಬಂದ ಹೊಸ ಡ್ರಾಯಿಂಗ್‌ನಲ್ಲಿ ಬದಲಾದದ್ದು ಒಂದೇ ಅಕ್ಷರದ ಪಕ್ಕದ ಅಂಕಿ: ಎಚ್ 9 ಇದ್ದದ್ದು ಎಚ್ 6 ಆಗಿತ್ತು. ಎಂದರೆ 52 ಮೈಕ್ರಾನ್ ಸಡಿಲ ಸಿಗುತ್ತಿದ್ದಲ್ಲಿ ಈಗ ಕೇವಲ 13 ಮೈಕ್ರಾನ್. ಲೇತ್‌ನಲ್ಲಿ ಇದನ್ನು ಪ್ರತಿ ಶಾಫ್ಟ್‌ಗೂ ನಂಬಿಕೆಯಿಂದ ಸಾಧಿಸಲಾಗದು. ವ್ಯಾಸದಲ್ಲಿ ಸುಮಾರು 0.3 ಮಿ.ಮೀ. ಉಳಿಸಿಕೊಂಡು ಗ್ರೈಂಡಿಂಗ್ ಮಾಡಬೇಕು.

ಒಳ್ಳೆಯ ಪತ್ರವು ಹಳೆಯ ಮತ್ತು ಹೊಸ ಡ್ರಾಯಿಂಗ್‌ಗಳ ಪರಿಷ್ಕರಣ ಸಂಖ್ಯೆ ಹಾಗೂ ದಿನಾಂಕವನ್ನು ನಮೂದಿಸಿ, ವ್ಯತ್ಯಾಸವನ್ನಷ್ಟೇ ಬಿಡಿಸಿ ತೋರಿಸುತ್ತದೆ: ಗ್ರೈಂಡಿಂಗ್‌ಗೆ 32 ರೂಪಾಯಿ, ಪ್ರತಿ ಶಾಫ್ಟ್‌ನ ಅಳತೆ ಪರೀಕ್ಷೆಗೆ 4 ರೂಪಾಯಿ ಹೆಚ್ಚು, ಲೇತ್‌ನ ಕೊನೆಯ ನಯವಾದ ಕಟ್ ಬೇಡವಾದ್ದರಿಂದ 6 ರೂಪಾಯಿ ಕಡಿಮೆ. ಹೊಸ ದರ 210. ಕಡಿಮೆಯಾದ ಆ 6 ರೂಪಾಯಿಯನ್ನು ತೋರಿಸಿದ್ದೇ ಉಳಿದ ಅಂಕಿಗಳಿಗೆ ವಿಶ್ವಾಸ ತರುತ್ತದೆ.

ಸಿದ್ಧವಾದ 120 ಶಾಫ್ಟ್‌ಗಳದು ಹೆಚ್ಚು ಸೂಕ್ಷ್ಮ ವಿಷಯ. ಅವುಗಳಲ್ಲಿ ಗ್ರೈಂಡಿಂಗ್‌ಗೆ ಲೋಹವೇ ಉಳಿದಿಲ್ಲ. ಎಲ್ಲವನ್ನೂ ಮೈಕ್ರೋಮೀಟರ್‌ನಲ್ಲಿ ಅಳೆದಾಗ 31 ಮಾತ್ರ 24.987ರಿಂದ 25.000 ಮಿ.ಮೀ. ಒಳಗಿದ್ದವು ಎನ್ನೋಣ. ಅಳತೆ ಸರಿಯಿದ್ದರೂ ಲೇತ್‌ನ ಮೇಲ್ಮೈ ಗ್ರೈಂಡಿಂಗ್‌ನಷ್ಟು ನಯವಲ್ಲ. ಆದುದರಿಂದ ಗ್ರಾಹಕರ ಲಿಖಿತ ಸಮ್ಮತಿಯಿಲ್ಲದೆ ಅವನ್ನು ಕಳುಹಿಸತಕ್ಕದ್ದಲ್ಲ. ಉಳಿದ 89ಕ್ಕೆ ಲಾಭಾಂಶ ಮತ್ತು ಪ್ಯಾಕಿಂಗ್ ಬಿಟ್ಟು ತಲಾ 140ರಂತೆ 12,460 ರೂಪಾಯಿಯನ್ನು ಪ್ರತ್ಯೇಕ ಸಾಲಿನಲ್ಲಿ ಕೇಳಬೇಕು. ಇದನ್ನು ಬಿಡಿ ದರದೊಳಗೆ ಅಡಗಿಸಿದರೆ ಮುಂದಿನ ಆರ್ಡರಿಗೂ ಅದೇ ಹೊರೆ ಅಂಟಿಕೊಂಡು, ದರವೇ ದುಬಾರಿಯೆನಿಸುತ್ತದೆ.

ಇನ್ನೊಂದು ಮಾತನ್ನು ಬಲ್ಲವರಷ್ಟೇ ಸೇರಿಸುತ್ತಾರೆ: ‘ಬೇರಿಂಗ್ ಕೂರುವ 40 ಮಿ.ಮೀ. ಭಾಗಕ್ಕೆ ಮಾತ್ರ ಎಚ್ 6 ಸಾಕೆಂದು ತಮ್ಮ ವಿನ್ಯಾಸ ವಿಭಾಗ ಒಪ್ಪುವುದಾದರೆ ದರವನ್ನು 200ಕ್ಕೆ ಇಳಿಸಬಲ್ಲೆವು.’ ಎಷ್ಟೋ ವೇಳೆ ವಿನ್ಯಾಸಕಾರರಿಗೆ ಬೇಕಾಗಿದ್ದುದೂ ಅಷ್ಟೇ. ಇಡೀ ಉದ್ದಕ್ಕೆ ಅಂಕಿ ಬದಲಾಯಿಸಿದ್ದು ಅವಸರದಿಂದ.

ಜಿಎಸ್‌ಟಿ ಪ್ರತ್ಯೇಕವೆಂದೂ, ಗ್ರೈಂಡಿಂಗ್ ಹೊರಗೆ ಮಾಡಿಸುವುದರಿಂದ 6 ದಿನ ಹೆಚ್ಚು ಬೇಕೆಂದೂ, ದರ 15 ದಿನ ಮಾನ್ಯವೆಂದೂ ಪತ್ರದ ಕೊನೆಯಲ್ಲಿ ಬರೆಯಬೇಕು. ದೂರವಾಣಿಯಲ್ಲಿ ‘ಸರಿ, ಮುಂದುವರಿಸಿ’ ಎಂಬ ಉತ್ತರ ಬಂದರೂ, ತಿದ್ದುಪಡಿಯಾದ ಖರೀದಿ ಆದೇಶ ಕೈಸೇರುವವರೆಗೆ ಉಳಿದ 380ರ ಕೆಲಸ ನಿಂತಿರುತ್ತದೆಂಬುದನ್ನೂ ಅಲ್ಲಿಯೇ ತಿಳಿಸಬೇಕು. ಬಿಲ್ ಪಾಸು ಮಾಡುವ ಲೆಕ್ಕ ವಿಭಾಗದ ಕೈಯಲ್ಲಿರುವುದು ಹಳೆಯ 180ರ ಆದೇಶ ಮಾತ್ರ.