ಮನೆಯಿಂದ ಕೆಲಸ ಕೇಳುವ ಪತ್ರ: ನಂಬಿಕೆ ಯಾವುದು, ನಿಜ ಯಾವುದು

‘ವಾರಕ್ಕೆ ಎರಡು ದಿನ ಮನೆಯಿಂದ ಮಾಡಲೇ?’ ಎಂದು ಮ್ಯಾನೇಜರ್‌ಗೆ ಬರೆಯುವವರು ಬೆಂಗಳೂರಿನಲ್ಲಿ ಬಹಳ. ‘ಬೇಕಾದರೆ ಕೆಲವು ವಾರ ಪ್ರಯೋಗ ಮಾಡಿ ನೋಡೋಣ’ ಎಂಬ ಸಾಲನ್ನೂ ಅವರಲ್ಲಿ ಹಲವರು ಸೇರಿಸುತ್ತಾರೆ. ಆದರೆ ಪ್ರಯೋಗ ಯಾವಾಗ ಮುಗಿಯುತ್ತದೆ, ಏನನ್ನು ಎಣಿಸಬೇಕು, ಯಾವ ಅಂಕಿ ಬಂದರೆ ಸೋತಂತೆ ಎಂದು ಬರೆಯದಿದ್ದರೆ ಅದು ಪ್ರಯೋಗವಲ್ಲ, ಬರೀ ವಿನಂತಿ. ಈ ಪತ್ರದ ಸುತ್ತ ಬೆಳೆದಿರುವ ಕೆಲವು ನಂಬಿಕೆಗಳನ್ನು ಒಂದು ಕಲ್ಪಿತ ಉದಾಹರಣೆ ಇಟ್ಟುಕೊಂಡು ನೋಡೋಣ.

ವೈಟ್‌ಫೀಲ್ಡ್‌ನ ಕಂಪನಿಯೊಂದರ ಅಕೌಂಟ್ಸ್ ವಿಭಾಗ. ಅಲ್ಲಿ ಒಬ್ಬಾಕೆಯ ಕೆಲಸ ವೆಂಡರ್‌ಗಳಿಂದ ಬರುವ ಬಿಲ್‌ಗಳನ್ನು ಪರಿಶೀಲಿಸಿ, ಪರ್ಚೇಸ್ ಆರ್ಡರ್‌ಗೆ ತಾಳೆ ನೋಡಿ, ಪಾವತಿಗೆ ಕಳಿಸುವುದು. ಮನೆ ಇರುವುದು ರಾಜರಾಜೇಶ್ವರಿ ನಗರದಲ್ಲಿ. ನೇರಳೆ ಮಾರ್ಗದ ಮೆಟ್ರೊ ಹಿಡಿದರೂ ಊರಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗಬೇಕು. ವಾರದಲ್ಲಿ ಎರಡು ದಿನ ಮನೆಯಿಂದ ಕೆಲಸ ಮಾಡಬೇಕೆಂಬುದು ಅವರ ಆಸೆ.

ತಪ್ಪು ಕಲ್ಪನೆ: ಕಷ್ಟವನ್ನು ಮನಮುಟ್ಟುವಂತೆ ಹೇಳಿದರೆ ಒಪ್ಪುತ್ತಾರೆ

ಸತ್ಯ: ಮ್ಯಾನೇಜರ್‌ಗೆ ಟ್ರಾಫಿಕ್ಕೂ ಗೊತ್ತು, ಮನೆಯಲ್ಲಿ ವಯಸ್ಸಾದ ಅಪ್ಪ ಅಮ್ಮ ಇರುವ ಕಷ್ಟವೂ ಗೊತ್ತು. ಅವರನ್ನು ಕಾಡುವ ಪ್ರಶ್ನೆಗಳು ಬೇರೆ. ಕೆಲಸ ಎಲ್ಲಾದರೂ ಸಿಕ್ಕಿಹಾಕಿಕೊಂಡರೆ? ಇವರಿಗೆ ಕೊಟ್ಟ ಮೇಲೆ ಪಕ್ಕದವರೂ ಕೇಳಿದರೆ? ಒಮ್ಮೆ ಕೊಟ್ಟು ಆಮೇಲೆ ವಾಪಸ್ ಪಡೆಯುವುದು ಹೇಗೆ?

ಕಷ್ಟದ ಕಥೆ ಇವುಗಳಲ್ಲಿ ಒಂದಕ್ಕೂ ಉತ್ತರವಲ್ಲ. ಅಳೆಯುವ ಅಂಕಿ ಮೊದಲ ಪ್ರಶ್ನೆಗೆ ಉತ್ತರ. ಪಕ್ಕದವರು ಕೇಳಿದಾಗ ‘ನೀವೂ ಇದೇ ಲೆಕ್ಕ ಕೊಡಿ’ ಎನ್ನಲು ಬರುವುದರಿಂದ ಎರಡನೆಯದಕ್ಕೂ ಅದೇ ಉತ್ತರ. ಮುಗಿಯುವ ತಾರೀಖು ಇರುವ ಪ್ರಯೋಗ ಮೂರನೆಯದಕ್ಕೆ ಉತ್ತರ. ಕಾರಣಕ್ಕೆ ಪತ್ರದಲ್ಲಿ ಒಂದು ಸಾಲು ಸಾಕು.

ತಪ್ಪು ಕಲ್ಪನೆ: ಇದು ಉದ್ಯೋಗಿಯ ಹಕ್ಕು, ಅಥವಾ ಮ್ಯಾನೇಜರ್ ಒಬ್ಬರು ಹೂಂ ಎಂದರೆ ಆಯಿತು

ಸತ್ಯ: ಎರಡೂ ಅಲ್ಲ. ಬ್ರಿಟನ್ನಿನಲ್ಲಿ 2024ರ ಏಪ್ರಿಲ್‌ನಿಂದ ಕೆಲಸಕ್ಕೆ ಸೇರಿದ ಮೊದಲ ದಿನವೇ ಇಂಥ ಮನವಿ ಸಲ್ಲಿಸುವ ಹಕ್ಕಿದೆ. ಅಲ್ಲಿಯೂ ಅದು ಕೇಳುವ ಹಕ್ಕೇ ಹೊರತು ಪಡೆಯುವ ಹಕ್ಕಲ್ಲ. ಭಾರತದಲ್ಲಿ ಎಲ್ಲರಿಗೂ ಅನ್ವಯಿಸುವ ಅಂಥ ಕಾನೂನಿಲ್ಲ. ಹೆರಿಗೆ ಸೌಲಭ್ಯದ ಕಾನೂನು, ಹೆರಿಗೆ ರಜೆ ಮುಗಿದ ಮೇಲೆ ಕೆಲಸದ ಸ್ವರೂಪ ಒಗ್ಗಿದರೆ ಪರಸ್ಪರ ಒಪ್ಪಿದ ಷರತ್ತುಗಳ ಮೇಲೆ ಮನೆಯಿಂದ ಕೆಲಸಕ್ಕೆ ಅವಕಾಶ ಕೊಡಬಹುದು ಎನ್ನುತ್ತದೆ. ಕೊಡಲೇಬೇಕು ಎನ್ನುವುದಿಲ್ಲ.

ಇನ್ನು ಮ್ಯಾನೇಜರ್ ಕೈಯೂ ಎಲ್ಲ ಕಡೆ ಮುಕ್ತವಲ್ಲ. ಕ್ಲೈಂಟ್ ಜತೆಗಿನ ಒಪ್ಪಂದದಲ್ಲಿ ಡೇಟಾ ಆಫೀಸಿನಿಂದ ಹೊರಗೆ ತೆರೆಯಬಾರದು ಎಂದಿರಬಹುದು. ಕಂಪನಿ ವಿಶೇಷ ಆರ್ಥಿಕ ವಲಯದಲ್ಲಿದ್ದರೆ, 2022ರಲ್ಲಿ ಸೇರಿಸಿದ 43ಎ ನಿಯಮದ ಕಟ್ಟುಪಾಡೂ ಇರುತ್ತದೆ. ಆದ್ದರಿಂದ ಪತ್ರಕ್ಕೆ ಮೊದಲು ಎಚ್‌ಆರ್ ಪಾಲಿಸಿ ಓದಿ, ಕ್ಲೈಂಟ್ ಕಡೆಯ ತಡೆ ಇದೆಯೇ ಎಂದು ವಿಚಾರಿಸಬೇಕು. ಕೊಡಲಾಗದ್ದನ್ನು ಕೇಳಿದರೆ ಎಂಥ ಒಳ್ಳೆಯ ಅಂಕಿಯೂ ಕೆಲಸಕ್ಕೆ ಬಾರದು.

ತಪ್ಪು ಕಲ್ಪನೆ: ಮನೆಯಲ್ಲಿ ಉತ್ಪಾದಕತೆ ಹೆಚ್ಚು ಎಂದು ಸಂಶೋಧನೆಗಳೇ ಹೇಳಿವೆ, ಆ ಲಿಂಕ್ ಹಾಕಿದರೆ ಸಾಕು

ಸತ್ಯ: ಬಹಳ ಜನ ಉಲ್ಲೇಖಿಸುವುದು ಚೀನಾದ ಸಿಟ್ರಿಪ್ ಎಂಬ ಪ್ರವಾಸ ಕಂಪನಿಯ ಪ್ರಯೋಗವನ್ನು. ಸ್ಟ್ಯಾನ್‌ಫರ್ಡ್‌ನ ನಿಕೊಲಸ್ ಬ್ಲೂಮ್ ಮತ್ತು ಸಂಗಡಿಗರು ಅಲ್ಲಿನ ಕಾಲ್ ಸೆಂಟರ್ ಉದ್ಯೋಗಿಗಳ ಮೇಲೆ 9 ತಿಂಗಳು ನಡೆಸಿದ ಈ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಮನೆಯಲ್ಲಿದ್ದವರ ಕೆಲಸ ಶೇ 13ರಷ್ಟು ಹೆಚ್ಚಿತ್ತು, ನಿಜ. ಆದರೆ ಅದರಲ್ಲಿ ಶೇ 9ರಷ್ಟು ಬಂದದ್ದು ವಿರಾಮ ಮತ್ತು ಅನಾರೋಗ್ಯದ ರಜೆ ಕಡಿಮೆಯಾಗಿ ಹೆಚ್ಚು ಹೊತ್ತು ದುಡಿದಿದ್ದರಿಂದ. ಕೆಲಸದ ವೇಗದಿಂದ ಬಂದದ್ದು ಉಳಿದ ಶೇ 4 ಮಾತ್ರ. ಭಾಗವಹಿಸಿದವರೆಲ್ಲ ತಾವಾಗಿ ಮುಂದೆ ಬಂದವರು, ಮನೆಯಲ್ಲಿ ಪ್ರತ್ಯೇಕ ಕೋಣೆ ಇದ್ದವರು. ಒಂದೇ ಮಟ್ಟದ ಕೆಲಸ ತೋರಿಸಿದರೂ ಮನೆಯಲ್ಲಿದ್ದವರಿಗೆ ಬಡ್ತಿ ಕಡಿಮೆ ಸಿಕ್ಕಿತು ಎಂಬುದನ್ನೂ ಅದೇ ಅಧ್ಯಯನ ದಾಖಲಿಸಿದೆ.

ನಮ್ಮ ಪಕ್ಕದ ಚೆನ್ನೈನಲ್ಲಿ ನಡೆದ ಇನ್ನೊಂದು ಪ್ರಯೋಗದಲ್ಲಿ ಫಲಿತಾಂಶ ತಿರುವುಮುರುವು. ಡೇಟಾ ಎಂಟ್ರಿ ಕೆಲಸಕ್ಕೆ ಹೊಸದಾಗಿ ತೆಗೆದುಕೊಂಡವರನ್ನು ಚೀಟಿ ಎತ್ತಿದ ಹಾಗೆ ಮನೆಗೂ ಆಫೀಸಿಗೂ ಹಂಚಿದಾಗ, ಮನೆಯಲ್ಲಿದ್ದವರ ಉತ್ಪಾದಕತೆ ಶೇ 18ರಷ್ಟು ಕಡಿಮೆಯಿತ್ತು. ಅಂತರದ ದೊಡ್ಡ ಪಾಲು ಮೊದಲ ದಿನದಿಂದಲೇ ಇತ್ತು. ಉಳಿದದ್ದು ಆಫೀಸಿನವರು ಬೇಗ ಕಲಿತುಕೊಂಡದ್ದರಿಂದ ಬಂತು.

ಮ್ಯಾನೇಜರ್ ಎದುರು ಸಿಟ್ರಿಪ್ ಇಟ್ಟರೆ ಅವರು ಚೆನ್ನೈ ಇಡಬಹುದು. ಯಾವ ಕೆಲಸ, ಯಾವ ಮನೆ, ಎಷ್ಟು ಅನುಭವ ಎಂಬುದರ ಮೇಲೆ ಫಲಿತಾಂಶ ಬದಲಾಗುತ್ತದೆ. ಹಾಗಾಗಿ ನಿಮ್ಮ ಕೆಲಸದ ಮಟ್ಟಿಗೆ ಏನಾಗುತ್ತದೆ ಎಂದು ತಿಳಿಯಲು ನಿಮ್ಮ ಕೆಲಸದ ಮೇಲೆಯೇ ಪ್ರಯೋಗ ನಡೆಯಬೇಕು.

ತಪ್ಪು ಕಲ್ಪನೆ: ಲಾಗಿನ್ ಆಗಿದ್ದ ಗಂಟೆ ತೋರಿಸಿದರೆ ಅದೇ ಅಳತೆ

ಸತ್ಯ: ಚಾಟ್‌ನಲ್ಲಿ ಹಸಿರು ಚುಕ್ಕೆ ಉರಿಯುತ್ತಿದ್ದರೆ ಲ್ಯಾಪ್‌ಟಾಪ್ ಎದುರು ಯಾರೋ ಇದ್ದಾರೆಂದು ಗೊತ್ತಾಗುತ್ತದೆ, ಬಿಲ್ ಪಾಸಾಯಿತೇ ಎಂದಲ್ಲ. ನಮ್ಮ ಉದಾಹರಣೆಯ ಉದ್ಯೋಗಿಗೆ ಮೂರು ಅಳತೆ ಸಾಕು: ದಿನಕ್ಕೆ ಮುಗಿಸಿದ ಬಿಲ್‌ಗಳು, ಪರಿಶೀಲನೆಯಲ್ಲಿ ತಪ್ಪೆಂದು ವಾಪಸ್ ಬಂದವು, ವೆಂಡರ್ ಪ್ರಶ್ನೆಗೆ ಒಂದು ಕೆಲಸದ ದಿನದೊಳಗೆ ಕೊಟ್ಟ ಉತ್ತರ. ಮೊದಲನೆಯದನ್ನಷ್ಟೇ ಎಣಿಸಿದರೆ ಆತುರಕ್ಕೆ ದಾರಿ. ಎರಡನೆಯದು ಅದಕ್ಕೆ ಕಡಿವಾಣ. ಮೂರನೆಯದು ದೂರ ಕೂತವರು ಕೈಗೆ ಸಿಗುತ್ತಾರೆಯೇ ಎಂಬುದಕ್ಕೆ ಸಾಕ್ಷಿ.

ಎಣಿಕೆ ಪ್ರಯೋಗದ ಮೊದಲ ದಿನದಿಂದ ಶುರುವಾಗಬಾರದು. ಪತ್ರ ಕೊಡುವ ಮೊದಲಿನ ಎಂಟು ವಾರದ ಆಫೀಸ್ ಲೆಕ್ಕ ಕೈಯಲ್ಲಿರಬೇಕು. ದಿನಕ್ಕೆ ಸರಾಸರಿ 45 ಬಿಲ್, ನೂರರಲ್ಲಿ 2 ತಪ್ಪು, ಶೇ 90ರಷ್ಟು ಪ್ರಶ್ನೆಗಳಿಗೆ ಸಮಯಕ್ಕೆ ಉತ್ತರ ಎಂದಿಟ್ಟುಕೊಳ್ಳೋಣ.

ಇಲ್ಲೊಂದು ಮೋಸವೂ ಸುಲಭ. ಪರ್ಚೇಸ್ ಆರ್ಡರ್ ಇರುವ ಬಿಲ್ ಬೇಗ ಮುಗಿಯುತ್ತದೆ, ಇಲ್ಲದಿದ್ದರೆ ನಾಲ್ಕು ಜನರನ್ನು ಕೇಳಬೇಕು. ಸುಲಭದವನ್ನೆಲ್ಲ ಮನೆಯ ದಿನಕ್ಕೆ ಎತ್ತಿಟ್ಟರೆ ಆ ದಿನದ ಅಂಕಿ ಹೊಳೆಯುತ್ತದೆ. ಅದಕ್ಕೆ ಬಿಲ್‌ಗಳು ಬಂದ ಸರದಿಯಲ್ಲೇ ಮುಗಿಯಬೇಕು. ಮನೆಯ ದಿನವನ್ನು ಆಫೀಸಿನ ದಿನದ ಜತೆ ಹೋಲಿಸದೆ, ಇಡೀ ವಾರವನ್ನು ಹಿಂದಿನ ವಾರಗಳ ಜತೆ ಹೋಲಿಸಬೇಕು.

ತಪ್ಪು ಕಲ್ಪನೆ: ಎರಡು ವಾರ ನೋಡಿದರೆ ಗೊತ್ತಾಗುತ್ತದೆ

ಸತ್ಯ: ಲೆಕ್ಕ ಹಾಕಿ ನೋಡಿ. ಎರಡು ವಾರಕ್ಕೆ 450 ಬಿಲ್, ಅದರಲ್ಲಿ ನಿರೀಕ್ಷಿತ ತಪ್ಪು 9. ಏನೂ ಬದಲಾಗದಿದ್ದರೂ ಈ ಸಂಖ್ಯೆ ಒಮ್ಮೆ 6, ಇನ್ನೊಮ್ಮೆ 12 ಆಗುವುದು ಸಹಜ. 12 ಕಂಡ ಮ್ಯಾನೇಜರ್ ‘ಮನೆಯಲ್ಲಿ ಗಮನವಿಲ್ಲ’ ಎನ್ನಬಹುದು. 6 ಕಂಡ ಉದ್ಯೋಗಿ ‘ನೋಡಿದಿರಾ’ ಎನ್ನಬಹುದು. ಇಬ್ಬರ ಮಾತೂ ಟೊಳ್ಳು.

ನಾಲ್ಕು ವಾರಕ್ಕೆ 900 ಬಿಲ್, 18 ತಪ್ಪು. ಈಗ 27 ಕಂಡರೆ ಅದನ್ನು ಆಕಸ್ಮಿಕ ಎಂದು ತಳ್ಳಿಹಾಕುವುದು ಕಷ್ಟ. ಅದಕ್ಕೇ ನಾಲ್ಕು ವಾರಕ್ಕೊಮ್ಮೆ ತೀರ್ಪು, ಒಟ್ಟು ಎಂಟು ವಾರದ ಪ್ರಯೋಗ ಎಂಬುದು ಈ ಕೆಲಸಕ್ಕೆ ಹೊಂದುವ ಅವಧಿ. ಮಂತ್ ಎಂಡ್ ಒತ್ತಡವನ್ನು ಒಂದು ಸಲವಾದರೂ ನೋಡಿದಂತಾಗುತ್ತದೆ. ತಿಂಗಳಿಗೆ ಹತ್ತೇ ಫೈಲ್ ಮುಗಿಸುವ ಕೆಲಸವಾದರೆ ಇಷ್ಟು ದಿನದಲ್ಲಿ ಶೇಕಡಾವಾರು ಲೆಕ್ಕ ಏನನ್ನೂ ಹೇಳದು. ಅಲ್ಲಿ ಕೊಟ್ಟ ಮಾತಿನ ತಾರೀಖಿಗೆ ಕೆಲಸ ಮುಗಿಯಿತೇ ಎಂದು ನೋಡುವುದೇ ಲೇಸು.

ತಪ್ಪು ಕಲ್ಪನೆ: ಸೋಲುವ ಷರತ್ತನ್ನು ನಾವೇ ಬರೆದುಕೊಟ್ಟರೆ ನಮ್ಮ ಕಾಲಿಗೆ ನಾವೇ ಕೊಡಲಿ ಹಾಕಿಕೊಂಡಂತೆ

ಸತ್ಯ: ಪತ್ರದಲ್ಲಿ ಅತಿ ಹೆಚ್ಚು ಕೆಲಸ ಮಾಡುವ ಸಾಲು ಅದೇ. ಮೊದಲು ಪತ್ರ ನೋಡಿ:

> ಮೇಡಂ,
>
> ಬರುವ ತಿಂಗಳ ಮೊದಲ ಸೋಮವಾರದಿಂದ ಎಂಟು ವಾರ, ಮಂಗಳವಾರ ಮತ್ತು ಗುರುವಾರ ಮನೆಯಿಂದ ಕೆಲಸ ಮಾಡಲು ಪ್ರಾಯೋಗಿಕ ಅನುಮತಿ ಕೋರುತ್ತೇನೆ. ಓಡಾಟದ ಸಮಯ ಉಳಿಸುವುದು ನನ್ನ ಉದ್ದೇಶ. ತಿಂಗಳ ಕೊನೆಯ ಎರಡು ಮತ್ತು ಮೊದಲ ಮೂರು ಕೆಲಸದ ದಿನ ಆಫೀಸಿನಲ್ಲೇ ಇರುತ್ತೇನೆ.
>
> ಕಳೆದ ಎಂಟು ವಾರದ ನನ್ನ ಸರಾಸರಿ: ದಿನಕ್ಕೆ 45 ಬಿಲ್, ಶೇ 2 ತಪ್ಪು, ಶೇ 90 ಪ್ರಶ್ನೆಗಳಿಗೆ ಒಂದು ದಿನದೊಳಗೆ ಉತ್ತರ. ಪ್ರತಿ ಶುಕ್ರವಾರ ಇದೇ ಮೂರು ಅಂಕಿ ಕಳಿಸುತ್ತೇನೆ.
>
> ನಾಲ್ಕು ವಾರದ ಲೆಕ್ಕದಲ್ಲಿ ಬಿಲ್ 42ಕ್ಕಿಂತ ಕೆಳಗಿಳಿದರೆ, ತಪ್ಪು ಶೇ 3 ಮುಟ್ಟಿದರೆ ಅಥವಾ ಸಮಯಕ್ಕೆ ಉತ್ತರ ಶೇ 85ಕ್ಕಿಂತ ಕಡಿಮೆಯಾದರೆ, ಕಾರಣ ಸರಿಪಡಿಸುವವರೆಗೆ ಎಲ್ಲ ದಿನ ಆಫೀಸಿಗೆ ಬರುತ್ತೇನೆ. ಎಂಟನೇ ವಾರದ ಶುಕ್ರವಾರ ಅರ್ಧ ಗಂಟೆ ಕೂತು ಮುಂದಿನದನ್ನು ತೀರ್ಮಾನಿಸೋಣ.

ಈಗ ನಾಲ್ಕು ವಾರ ಕಳೆಯಿತೆನ್ನಿ. ಬಿಲ್ 46, ತಪ್ಪು ಶೇ 2.1. ಆದರೆ ಸಮಯಕ್ಕೆ ಉತ್ತರ ಶೇ 82ಕ್ಕೆ ಇಳಿದಿದೆ. ಷರತ್ತು ಬರೆಯದೇ ಹೋಗಿದ್ದರೆ ಇಲ್ಲಿ ವಾದ ಶುರುವಾಗುತ್ತಿತ್ತು: ಎರಡು ಅಂಕಿ ಚೆನ್ನಾಗಿದೆಯಲ್ಲ ಎಂದು ಒಬ್ಬರು, ವೆಂಡರ್‌ಗಳು ದೂರುತ್ತಿದ್ದಾರೆ ಎಂದು ಇನ್ನೊಬ್ಬರು. ಬರೆದಿರುವುದರಿಂದ ಉದ್ಯೋಗಿ ಐದನೇ ವಾರ ಪೂರ್ತಿ ಆಫೀಸಿಗೆ ಬಂದು ಕಾರಣ ಹುಡುಕುತ್ತಾರೆ. ಕಂಪನಿಯಿಂದ ವೆಂಡರ್‌ಗಳಿಗೆ ಹಣ ಹೋಗುವುದು ಸೋಮವಾರ. ‘ದುಡ್ಡು ಯಾಕೆ ಕಡಿಮೆ ಬಂತು?’ ಎಂಬ ಪ್ರಶ್ನೆಗಳು ಮುತ್ತುವುದು ಮಂಗಳವಾರ. ಅವುಗಳಲ್ಲಿ ಹಲವಕ್ಕೆ ಉತ್ತರ ಬೇಕಾದರೆ ಗೋದಾಮಿನವರು ಕೊಟ್ಟ ಕಾಗದದ ರಸೀದಿ ನೋಡಬೇಕು, ಅದು ಇರುವುದು ಆಫೀಸಿನ ಕಪಾಟಿನಲ್ಲಿ.

ಅಂದರೆ ತೊಡಕು ಆಯ್ದುಕೊಂಡ ದಿನದಲ್ಲಿತ್ತು. ಮಂಗಳವಾರದ ಬದಲು ಬುಧವಾರ ಎಂದು ತಿದ್ದಿ, ಪ್ರಯೋಗವನ್ನು ಒಂದು ವಾರ ಮುಂದುವರಿಸಿ, ಮುಂದಿನ ನಾಲ್ಕು ವಾರ ಮತ್ತೆ ಅಳೆದು, ಶೇ 91 ಬಂದರೆ ಮ್ಯಾನೇಜರ್‌ಗೆ ಒಪ್ಪಲು ಗಟ್ಟಿ ಆಧಾರ ಸಿಕ್ಕಂತೆ. ಒಂದು ವೇಳೆ ಆಗಲೂ ಶೇ 82ರಲ್ಲೇ ನಿಂತರೆ, ಆ ರಸೀದಿಗಳು ಸ್ಕ್ಯಾನ್ ಆಗಿ ಸಿಸ್ಟಂಗೆ ಬರುವವರೆಗೆ ಈ ಕೆಲಸ ಮನೆಯಿಂದ ಪೂರ್ತಿ ಸಾಗದು ಎಂದು ಇಬ್ಬರಿಗೂ ತಿಳಿಯುತ್ತದೆ. ಆಗ ಉದ್ಯೋಗಿ ಎರಡು ದಿನದ ಬದಲು ಒಂದು ದಿನ ಕೇಳಬಹುದು, ಅಥವಾ ಸ್ಕ್ಯಾನಿಂಗ್ ವ್ಯವಸ್ಥೆ ಆದ ಮೇಲೆ ಇದೇ ಮೂರು ಅಂಕಿ ಹಿಡಿದು ಹೊಸದಾಗಿ ಕೇಳಬಹುದು.